ಬರ್ನ್‌ಡೌನ್ ಗೆರೆ ಕದಲದಿದ್ದರೆ ಕೆಲಸ ನಿಂತಿದೆ ಅಂತಾನಾ?

ಬರ್ನ್‌ಡೌನ್ ಅಂದರೆ ಉಳಿದ ಕೆಲಸ ದಿನದಿಂದ ದಿನಕ್ಕೆ ಎಷ್ಟಿದೆ ಅಂತ ತೋರಿಸುವ ಚಾರ್ಟ್. ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಲ್ಲಿ ಮಾಡಿ ಮುಗಿಸುವ ಅಜೈಲ್ ವಿಧಾನದ ಕೋರ್ಸಿನ ಅಸೈನ್‌ಮೆಂಟ್ ತಿದ್ದುವಾಗ ಒಂದು ಉತ್ತರ ಪದೇ ಪದೇ ಕಣ್ಣಿಗೆ ಬೀಳುತ್ತದೆ. "ಬರ್ನ್‌ಡೌನ್ ಗೆರೆ ಮೂರು ದಿನ ಮಟ್ಟಸವಾಗಿದೆ, ಆದ್ದರಿಂದ ತಂಡ ಆ ದಿನಗಳಲ್ಲಿ ಕೆಲಸ ಮಾಡಿಲ್ಲ." ನೋಡಲು ಸರಿ ಅನಿಸುತ್ತದೆ. ಆದರೆ ಚಾರ್ಟ್ ಅಷ್ಟು ಹೇಳುವುದೇ ಇಲ್ಲ.

ಒಂದು ಉದಾಹರಣೆ ಹಾಕಿಕೊಳ್ಳೋಣ. ಹತ್ತು ಕೆಲಸದ ದಿನಗಳ ಸ್ಪ್ರಿಂಟ್, ಅಂದರೆ ತಂಡ ಕೆಲಸಕ್ಕೆ ಇಟ್ಟುಕೊಂಡ ಒಂದು ನಿಗದಿತ ಅವಧಿ. ಶುರುವಿನಲ್ಲಿ ಏಳು ಸ್ಟೋರಿ, ಅಂದರೆ ಕೆಲಸದ ಏಳು ತುಂಡು, ತಂಡದ ಅಂದಾಜಿನಲ್ಲಿ ಅವುಗಳ ಗಾತ್ರ ಒಟ್ಟು 30 ಪಾಯಿಂಟ್: ಒಂದು 8ರದ್ದು, ಎರಡು 5ರವು, ನಾಲ್ಕು 3ರವು. ಪ್ರತಿ ದಿನದ ಕೊನೆಗೆ ಉಳಿದ ಪಾಯಿಂಟ್ ಹೀಗಿದೆ:

```
ದಿನ:     0  1  2  3  4  5  6  7  8  9  10
ಉಳಿದದ್ದು: 30 30 27 22 22 22 22 19 16 16  8
```

3ನೇ ದಿನದಿಂದ 6ನೇ ದಿನದ ತನಕ ಗೆರೆ 22ರಲ್ಲೇ ನಿಂತಿದೆ. ಈಗ ಯಾವ ಸ್ಟೋರಿ ಯಾವ ಹಂತದಲ್ಲಿದೆ ಅಂತ ತೋರಿಸುವ ಬೋರ್ಡಿನ ಇತಿಹಾಸ ತೆಗೆದು ನೋಡಿ. 5ನೇ ದಿನ 5 ಪಾಯಿಂಟಿನ ಒಂದು ಸ್ಟೋರಿ ಮುಗಿದಿದೆ. ಅದೇ ದಿನ 5 ಪಾಯಿಂಟಿನ ಹೊಸ ಸ್ಟೋರಿ ಒಳಗೆ ಬಂದಿದೆ. ಇಳಿದದ್ದು ಐದು, ಏರಿದ್ದೂ ಐದು. ಗೆರೆ ಕದಲುವುದು ಹೇಗೆ? ಬರ್ನ್‌ಡೌನ್ ತೋರಿಸುವುದು ಉಳಿದ ಕೆಲಸವನ್ನು ಮಾತ್ರ, ಮುಗಿದದ್ದನ್ನೂ ಸೇರಿದ್ದನ್ನೂ ಬೇರೆ ಬೇರೆಯಾಗಿ ಅಲ್ಲ. ಇವೆರಡು ಬೇರೆಯಾಗಿ ಕಾಣಬೇಕಾದರೆ ಬರ್ನ್‌ಅಪ್ ಚಾರ್ಟ್ ಬೇಕು. ಅದರಲ್ಲಿ ಒಟ್ಟು ಕೆಲಸಕ್ಕೆ ಒಂದು ಗೆರೆ, ಮುಗಿದ ಕೆಲಸಕ್ಕೆ ಇನ್ನೊಂದು.

4 ಮತ್ತು 6ನೇ ದಿನದ ಕಥೆ ಬೇರೆ. ಆ ಎರಡು ದಿನ ಮೂರು ಸ್ಟೋರಿಗಳು ಟೆಸ್ಟಿಂಗ್ ಕಾಲಮ್ಮಿನಲ್ಲಿ ಸಾಲಾಗಿ ಕೂತಿದ್ದವು. ಎಲ್ಲರೂ ದುಡಿದಿದ್ದಾರೆ, ಆದರೆ ಏನೂ ಮುಗಿದಿಲ್ಲ. ಪಾಯಿಂಟ್ ಲೆಕ್ಕದ ಚಾರ್ಟಿನಲ್ಲಿ ಸ್ಟೋರಿ ಪೂರ್ತಿ ಮುಗಿದ ಮೇಲಷ್ಟೇ ಗೆರೆ ಇಳಿಯುತ್ತದೆ. ಇಲ್ಲಿ ಟೀಕಿಸಬೇಕಾದದ್ದು ಸೋಮಾರಿತನವನ್ನಲ್ಲ. ಒಂದೇ ಸಲ ಜಾಸ್ತಿ ಸ್ಟೋರಿ ತೆರೆದಿಟ್ಟದ್ದನ್ನು, ಟೆಸ್ಟಿಂಗ್ ಹತ್ತಿರ ಕೆಲಸ ಕಟ್ಟಿಕೊಂಡದ್ದನ್ನು. ಉತ್ತರದಲ್ಲಿ ಇದನ್ನು ಬರೆದವರು ಚಾರ್ಟ್ ಓದಿದ್ದಾರೆ ಅಂತ ನನಗೆ ಗೊತ್ತಾಗುತ್ತದೆ.

ಇನ್ನು ಚಾರ್ಟಿನಲ್ಲಿ 30ರಿಂದ ಸೊನ್ನೆಗೆ ಓರೆಯಾಗಿ ಎಳೆಯುವ ಆದರ್ಶ ಗೆರೆ. 5ನೇ ದಿನ ಅದು 15ರಲ್ಲಿದೆ, ತಂಡ 22ರಲ್ಲಿ. "ಏಳು ಪಾಯಿಂಟ್ ಹಿಂದೆ" ಅಂತ ತಕ್ಷಣ ಬರೆದುಬಿಡುತ್ತಾರೆ. ಆದರ್ಶ ಗೆರೆ ದಿನಕ್ಕೆ 3 ಪಾಯಿಂಟಿನಂತೆ ಸಮನಾಗಿ ಇಳಿಯುತ್ತದೆ. 8 ಪಾಯಿಂಟಿನ ಸ್ಟೋರಿ ಹಾಗೆ ದಿನಾ ಚೂರುಚೂರಾಗಿ ಮುಗಿಯಲ್ಲ, ಅಲ್ವಾ? ಒಂದು ಸ್ಟೋರಿಯಷ್ಟು ಅಂತರ ಒಂದು ದಿನ ಕಂಡರೆ ಅದು ಸುದ್ದಿಯೇ ಅಲ್ಲ. 6ನೇ ದಿನ ಆ ಅಂತರ 10 ಆಗಿದೆ, 9ನೇ ದಿನ 13. ಅಂತರ ಹೀಗೆ ಬೆಳೆಯುತ್ತಾ ಹೋದರೆ ಅದು ಸುದ್ದಿ.

ಸ್ಪ್ರಿಂಟ್ ಮುಗಿಯಿತು, 8 ಪಾಯಿಂಟಿನ ಆ ಒಂದು ಸ್ಟೋರಿ ಉಳಿಯಿತು. ವೆಲಾಸಿಟಿ, ಅಂದರೆ ಸ್ಪ್ರಿಂಟಿನಲ್ಲಿ ಮುಗಿದ ಸ್ಟೋರಿಗಳ ಒಟ್ಟು ಪಾಯಿಂಟ್, ಎಷ್ಟು? ಹೆಚ್ಚಿನವರು 30ರಲ್ಲಿ 8 ಕಳೆದು 22 ಅನ್ನುತ್ತಾರೆ. ಮಧ್ಯೆ ಬಂದ 5 ಮರೆತೇ ಹೋಯಿತು. ಮುಗಿದ ಸ್ಟೋರಿಗಳನ್ನೇ ಕೂಡಿಸಿ ನೋಡಿ: ನಾಲ್ಕು 3ರವು ಸೇರಿ 12, ಮೂರು 5ರವು ಸೇರಿ 15. ವೆಲಾಸಿಟಿ 27. ಚಾರ್ಟಿನ ಎರಡು ತುದಿಗಳನ್ನು ಕಳೆದು ವೆಲಾಸಿಟಿ ತೆಗೆಯುವ ಅಭ್ಯಾಸ ಬಿಡಿ.

ಇನ್ನು ಕೆಲವರು ಉಳಿದ ಸ್ಟೋರಿ "ಮುಕ್ಕಾಲು ಮುಗಿದಿದೆ" ಅಂತ 6 ಪಾಯಿಂಟ್ ಸೇರಿಸಿ 33 ಮಾಡುತ್ತಾರೆ. ಹಾಗೆ ಮಾಡುವಂತಿಲ್ಲ. ಡೆಫಿನಿಷನ್ ಆಫ್ ಡನ್, ಅಂದರೆ ಕೆಲಸ ಮುಗಿದಿದೆ ಅನ್ನಲು ತಂಡ ಒಪ್ಪಿಕೊಂಡ ಮಟ್ಟ, ತಲುಪದ ಸ್ಟೋರಿಗೆ ಸೊನ್ನೆ. ಮುಂದಿನ ಸ್ಪ್ರಿಂಟಿನಲ್ಲಿ ಅದು ಮುಗಿದಾಗ 8 ಪೂರ್ತಿ ಅಲ್ಲಿ ಸೇರುತ್ತದೆ. ಆಗ ಒಂದು ಸ್ಪ್ರಿಂಟ್ ಕಡಿಮೆ, ಇನ್ನೊಂದು ಜಾಸ್ತಿ ಕಾಣುತ್ತದೆ. ಒಂದೇ ಸ್ಪ್ರಿಂಟಿನ ವೆಲಾಸಿಟಿ ನಂಬಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಈ ತಂಡದ ಮೂರು ಸ್ಪ್ರಿಂಟಿನ ವೆಲಾಸಿಟಿ 21, 24, 27 ಇರಲಿ, ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗಿನಲ್ಲಿ 96 ಪಾಯಿಂಟ್ ಬಾಕಿ ಇರಲಿ. ಸರಾಸರಿ 24, ಹಾಗಾಗಿ ನಾಲ್ಕು ಸ್ಪ್ರಿಂಟ್ ಅಂತ ಬರೆದರೆ ಅರ್ಧ ಉತ್ತರ. 27ರ ವೇಗದಲ್ಲಿ ಹೋದರೂ ನಾಲ್ಕು ಬೇಕು, 21ರಲ್ಲಿ ಹೋದರೆ ಐದು. "ನಾಲ್ಕರಿಂದ ಐದು, ಬ್ಯಾಕ್‌ಲಾಗ್ ಬೆಳೆಯದಿದ್ದರೆ" ಅನ್ನುವುದು ಸರಿಯಾದ ಉತ್ತರ. 21, 24, 27 ಏರುತ್ತಿದೆ, ಮುಂದಿನದು 30 ಅಂತ ಹೇಳಲು ಮೂರು ಅಂಕಿ ಸಾಲದು.

ಪರೀಕ್ಷೆಯಲ್ಲಿ ಎರಡು ತಂಡಗಳ ವೆಲಾಸಿಟಿ ಕೊಟ್ಟು "ಯಾವುದು ಉತ್ತಮ?" ಅಂತ ಕೇಳುವುದುಂಟು. ಒಂದು ತಂಡ 5 ಪಾಯಿಂಟ್ ಅನ್ನುವ ಕೆಲಸ ಇನ್ನೊಂದು ತಂಡದ ಅಂದಾಜಿನಲ್ಲಿ 3 ಇರಬಹುದು. ಹೋಲಿಸಲು ಬರುವುದಿಲ್ಲ ಅಂತ ಬರೆದು, ಕಾರಣ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗಿ. ಅಜೈಲ್ ವಿಧಾನಗಳಲ್ಲಿ ಒಂದಾದ ಸ್ಕ್ರಮ್‌ನ ಅಧಿಕೃತ ಕೈಪಿಡಿ, 2020ರ ಸ್ಕ್ರಮ್ ಗೈಡ್‌ನಲ್ಲಿ ವೆಲಾಸಿಟಿ ಅನ್ನುವ ಪದವೇ ಇಲ್ಲ. ಬರ್ನ್‌ಡೌನ್ ಇದೆ, ಅದೂ ಮುನ್ನಂದಾಜಿಗೆ ಬಳಸಬಹುದಾದ ಹಲವು ವಿಧಾನಗಳಲ್ಲಿ ಒಂದಾಗಿ.