ದೀಪಾವಳಿ ಅಂದರೆ ನರಕಾಸುರನ ವಧೆ ತಾನೆ, ಇದರಲ್ಲಿ ಜ್ಞಾನ ಎಲ್ಲಿಂದ ಬಂತು?

ನೀರು ತುಂಬುವ ಹಬ್ಬ ಹತ್ತಿರ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಹೋದ ವರ್ಷವೂ ಉತ್ತರಿಸಿದ್ದೆ. ಇರಲಿ, ಇನ್ನೊಮ್ಮೆ.

ಕಥೆ ನಿಮಗೆ ಗೊತ್ತೇ ಇದೆ. ಕೃಷ್ಣ, ಸತ್ಯಭಾಮೆ ಗರುಡನ ಮೇಲೆ ಪ್ರಾಗ್ಜ್ಯೋತಿಷಕ್ಕೆ ಹೋದರು, ನರಕ ಸತ್ತ, ನಾವು ಎಣ್ಣೆಸ್ನಾನ ಮಾಡಿದೆವು. ಮಕ್ಕಳಿಗೆ ಇಷ್ಟು ಸಾಕು.

ಎಡವಟ್ಟಾಗುವುದು ದೊಡ್ಡವರು ಒಳಾರ್ಥ ಹೇಳಲು ಹೊರಟಾಗ. ನರಕ ಅಂದರೆ ಅಜ್ಞಾನ, ಅಜ್ಞಾನ ಅಂದರೆ ಓದು ಬರಹ ಇಲ್ಲದಿರುವುದು, ಆದ್ದರಿಂದ ಮಕ್ಕಳೇ ಚೆನ್ನಾಗಿ ಓದಿ! ಶಾಲೆಯ ಭಾಷಣಗಳಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ವೇದಾಂತದವರು ಅಜ್ಞಾನ ಅನ್ನುವುದು ಇದಕ್ಕಲ್ಲ ಸ್ವಾಮಿ.

ಅವರ ಹಳೇ ಉದಾಹರಣೆಯನ್ನೇ ನೋಡಿ. ಮುಸ್ಸಂಜೆ ಕೊಟ್ಟಿಗೆಗೆ ಹೋಗುತ್ತೀರಿ. ಮೂಲೆಯಲ್ಲಿ ಹಾವು. ಎದೆ ಡವಡವ, ಕೈಗೆ ಕೋಲು. ಅಲ್ಲಿರುವುದು ದನ ಕಟ್ಟುವ ಹಗ್ಗ. ನಿಮಗೆ ಹಗ್ಗವೂ ಗೊತ್ತು, ಹಾವೂ ಗೊತ್ತು. ಬೇಕಾದರೆ ಹಾವಿನ ಮೇಲೆ ಪಿಎಚ್‌ಡಿ ಮಾಡಿರಿ, ಭಯ ಇನ್ನೂ ಜಾಸ್ತಿಯಾದೀತು! ಒಂದನ್ನು ಇನ್ನೊಂದು ಅಂದುಕೊಂಡಿರಲ್ಲ, ಅದೇ ಅಜ್ಞಾನ. ಎಷ್ಟು ಬಡಿದರೂ ಆ ಹಾವು ಸಾಯುವುದಿಲ್ಲ. ದೀಪ ತಂದರೆ ಸಾಯಲು ಹಾವೇ ಇರುವುದಿಲ್ಲ.

ಶಂಕರರ ಹೆಸರಿನಲ್ಲಿರುವ ಆತ್ಮಬೋಧದ 3ನೇ ಶ್ಲೋಕ ಹೇಳುವುದೂ ಇದನ್ನೇ. ಕರ್ಮಕ್ಕೂ ಅವಿದ್ಯೆಗೂ, ಅಂದರೆ ಈ ಅಜ್ಞಾನಕ್ಕೂ, ವಿರೋಧವೇ ಇಲ್ಲ, ಹಾಗಾಗಿ ಏನು ಮಾಡಿದರೂ ಅವಿದ್ಯೆ ಹೋಗದು. ಬೆಳಕಿಗೆ ಕತ್ತಲೆ ಹೋಗುವ ಹಾಗೆ ಅದು ಹೋಗುವುದು ವಿದ್ಯೆಯಿಂದ, ಅಂದರೆ ಇದ್ದದ್ದನ್ನು ಇದ್ದ ಹಾಗೆ ಅರಿಯುವುದರಿಂದ ಮಾತ್ರ. ಮಕ್ಕಳ ಕಥೆಗೆ ಯುದ್ಧ ಬೇಕು. ಒಳಗಿನ ಕಥೆಯಲ್ಲಿ ಯುದ್ಧವೇ ಇಲ್ಲ.

ಈಗ ನರಕನನ್ನು ನೋಡಿ. ಭಾಗವತದ ಪ್ರಕಾರ ಅವನು ಅದಿತಿಯ ಕುಂಡಲ ಕಸಿದ, ವರುಣನ ಕೊಡೆ ತಂದ, ರಾಜಕುಮಾರಿಯರನ್ನು ಸೆರೆಯಿಟ್ಟ. ತನ್ನದಲ್ಲದ್ದೆಲ್ಲ ಅವನಿಗೆ 'ನಂದು'. ವೇದಾಂತಿಗಳು ಬೊಟ್ಟು ಮಾಡುವ ಹಾವು ಈ 'ನಾನು, ನಂದು'. ಅವನು ಸತ್ತ ಮೇಲೆ ಕುಂಡಲಗಳನ್ನು ಕೃಷ್ಣನಿಗೆ ಒಪ್ಪಿಸಿದ್ದು ಹೆತ್ತ ತಾಯಿ ಭೂದೇವಿಯೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಅಸುರ ಸತ್ತಿದ್ದಕ್ಕೇ ಹಬ್ಬವಾದರೆ, ಪಾಡ್ಯದ ದಿನ ಅದೇ ಅಸುರ ಕುಲದ ಬಲೀಂದ್ರನನ್ನು ಕರೆದು ಪೂಜೆ ಮಾಡುವುದು ಯಾಕೆ? ಅವನನ್ನು 'ದುಷ್ಟ, ಪಾತಾಳಕ್ಕೆ ತುಳಿದರು' ಅಂತ ಮುಗಿಸಿಬಿಡುತ್ತೇವೆ. ಗುರು ಶುಕ್ರಾಚಾರ್ಯರು ಬೇಡ ಅಂದರೂ, ವಾಮನನಿಗೆ ಮೂರು ಹೆಜ್ಜೆ ಜಾಗ ಕೊಡುತ್ತೇನೆ ಅಂದ ಮಾತನ್ನು ಅವನು ತಪ್ಪಲಿಲ್ಲ. ಎರಡು ಹೆಜ್ಜೆಗೆ ರಾಜ್ಯವೆಲ್ಲ ಹೋಯಿತು. ಮೂರನೆಯದಕ್ಕೆ 'ನಂದು' ಅನ್ನಲು ಉಳಿದಿದ್ದು ತಲೆ ಒಂದೇ, ಅದನ್ನೂ ಒಡ್ಡಿದ. ಅವನಿಗೆ ಸಿಕ್ಕಿದ ಸುತಲ ಲೋಕಕ್ಕೆ ಗದೆ ಹಿಡಿದು ಕಾವಲು ನಿಂತವನು ವಿಷ್ಣುವೇ.