‘ನಿರಂತರ’ ಎಂಬ ಪದ ಎಲ್ಲಿ ಹೋಯಿತು?

ವಿಮಾ ಬ್ರೋಷರುಗಳನ್ನು ತಿಳಿಗನ್ನಡಕ್ಕೆ ತರುವುದು ನನ್ನ ಕೆಲಸ. ಹೆಚ್ಚಿನ ಪುಟಗಳು ಅಷ್ಟೇನೂ ಕಾಡುವುದಿಲ್ಲ. ಆಸ್ಪತ್ರೆಗೆ ಸೇರಿದಾಗ ಯಾವ ಸಂಖ್ಯೆಗೆ ಕರೆ ಮಾಡಬೇಕು, ಯಾವ ಕಾಗದ ಕೊಡಬೇಕು ಎಂಬುದನ್ನು ಯಾರು ಬೇಕಾದರೂ ಸರಳವಾಗಿ ಬರೆಯಬಹುದು. ಕಷ್ಟವಿರುವುದು ಲಾಭ ಮತ್ತು ಷರತ್ತು ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿರುವ ಕಡೆ. ಇತ್ತೀಚೆಗೆ ತಿದ್ದಿದ ಆರೋಗ್ಯ ವಿಮೆಯ ಬ್ರೋಷರಿನಲ್ಲಿ ಅಂಥದ್ದೊಂದು ವಾಕ್ಯ ಹೀಗಿತ್ತು:

“ಪೂರ್ವ ಅಸ್ತಿತ್ವದ ಕಾಯಿಲೆ ಹಾಗೂ ಅದರ ನೇರ ತೊಡಕುಗಳ ಚಿಕಿತ್ಸೆಯ ವೆಚ್ಚವು ಮೊದಲ ಪಾಲಿಸಿಯ ಆರಂಭದಿಂದ 36 ತಿಂಗಳ ನಿರಂತರ ರಕ್ಷಣೆ ಪೂರ್ಣಗೊಳ್ಳುವವರೆಗೆ ಹೊರತುಪಡಿಸಲ್ಪಡತಕ್ಕದ್ದು, ವಿಮಾ ಮೊತ್ತವನ್ನು ಹೆಚ್ಚಿಸಿದಲ್ಲಿ ಹೆಚ್ಚಳದ ಮಟ್ಟಿಗೆ ಸದರಿ ಅವಧಿಯು ಹೊಸದಾಗಿ ಅನ್ವಯಿಸತಕ್ಕದ್ದು, ತದನಂತರದ ರಕ್ಷಣೆಯು ಅರ್ಜಿಯಲ್ಲಿ ಕಾಯಿಲೆಯನ್ನು ಘೋಷಿಸಿ ವಿಮಾದಾರರು ಅಂಗೀಕರಿಸಿರುವುದಕ್ಕೆ ಒಳಪಟ್ಟಿರತಕ್ಕದ್ದು.”

ನನಗಿಂತ ಮೊದಲು ಮಾರಾಟ ವಿಭಾಗದವರೊಬ್ಬರು ಇದನ್ನು ‘ಸರಳ’ಗೊಳಿಸಿದ್ದರು: “ಹಳೆಯ ಕಾಯಿಲೆಗಳಿಗೂ 3 ವರ್ಷಗಳ ನಂತರ ಸಂಪೂರ್ಣ ರಕ್ಷಣೆ!” ಓದಲು ಹಿತವಾಗಿದೆ. ಆದರೆ ಇದರಲ್ಲಿ ಮೂಲದ ನಾಲ್ಕು ಸಂಗತಿಗಳು ಉದುರಿಹೋಗಿವೆ: ತೊಡಕುಗಳಿಗೂ ಕಾಯಬೇಕು, ರಕ್ಷಣೆ ನಿರಂತರವಾಗಿರಬೇಕು, ಮೊತ್ತ ಹೆಚ್ಚಿಸಿದರೆ ಹೆಚ್ಚಿದ ಭಾಗಕ್ಕೆ ಮತ್ತೆ ಕಾಯಬೇಕು, ಕಾಯಿಲೆಯನ್ನು ಘೋಷಿಸಿರಬೇಕು. ಮೂಲದಲ್ಲಿ ಇಲ್ಲದ ‘ಸಂಪೂರ್ಣ’ ಒಳಗೆ ನುಸುಳಿದೆ. ಇದನ್ನು ನೋಡಿದ ಕಾನೂನು ವಿಭಾಗದ ಅಧಿಕಾರಿ ಹಳೆಯ ವಾಕ್ಯವನ್ನೇ ಮರಳಿ ತಂದು, ಅಕ್ಷರವನ್ನು ಇನ್ನಷ್ಟು ಚಿಕ್ಕದು ಮಾಡಿಸಿದ್ದರು. ಎರಡರ ಫಲವೂ ಒಂದೇ. ಓದುಗನಿಗೆ ಷರತ್ತು ಗೊತ್ತಾಗುವುದು ಕ್ಲೇಮು ತಿರಸ್ಕಾರವಾದ ದಿನವೇ.

‘ಪಾಲಿಸಿ ದಾಖಲೆಯೇ ಅಂತಿಮ’ ಎಂಬ ಅಡಿಟಿಪ್ಪಣಿ ಕಾಪಾಡುತ್ತದೆ ಎಂದು ಮಾರಾಟದವರು ನಂಬುತ್ತಾರೆ. ಹಾಗೆ ನಂಬಿ ಕೂರುವಂತಿಲ್ಲ. ವಿಮಾ ಕರಾರಿನಲ್ಲಿ ಸಂದಿಗ್ಧವಿದ್ದರೆ ಅದನ್ನು ಬರೆದವರ ವಿರುದ್ಧವೇ ಅರ್ಥೈಸಬೇಕೆಂಬ ತತ್ವವನ್ನು ಅನೇಕ ನ್ಯಾಯವ್ಯವಸ್ಥೆಗಳು ಒಪ್ಪಿವೆ. ಬ್ರೋಷರಿನ ಭರವಸೆ ಪಾಲಿಸಿಗಿಂತ ದೊಡ್ಡದಾಗಿದ್ದರೆ ತಪ್ಪು ದಾರಿಗೆಳೆದ ಜಾಹೀರಾತು ಎಂಬ ದೂರಿಗೂ ದಾರಿಯಾಗುತ್ತದೆ.

ನಾನು ಮೊದಲು ಮಾಡುವುದು ಬರವಣಿಗೆಯಲ್ಲ, ಬಿಡಿಸುವುದು. ಮೂಲ ವಾಕ್ಯವನ್ನು ಒಂದೊಂದೇ ಸಂಗತಿಯಾಗಿ ಒಡೆದು ಸಂಖ್ಯೆ ಹಾಕುತ್ತೇನೆ. ಪ್ರತಿಯೊಂದರ ಮುಂದೆ ಯಾರು ಮಾಡಬೇಕು, ಯಾವಾಗ, ಎಷ್ಟು, ಯಾವ ಷರತ್ತಿನ ಮೇಲೆ ಎಂದು ಬರೆಯುತ್ತೇನೆ. ಇಲ್ಲಿ ‘ಯಾರು’ ಎಂಬುದೇ ಮೊದಲ ತೊಡರು. ‘ಹೊರತುಪಡಿಸಲ್ಪಡತಕ್ಕದ್ದು’ ಎಂಬಲ್ಲಿ ಹೊರತುಪಡಿಸುವವರು ಕಾಣುವುದೇ ಇಲ್ಲ. ‘ವಿಮಾದಾರ’ ಇನ್ನೂ ಅಪಾಯಕಾರಿ: ಕೆಲವರು ಅದನ್ನು ವಿಮೆ ಕೊಡುವ ಕಂಪನಿಗೆ ಬಳಸುತ್ತಾರೆ, ಕೆಲವರು ವಿಮೆ ಮಾಡಿಸಿದವರಿಗೆ. ಆದ್ದರಿಂದ ಕಂಪನಿಯನ್ನು ‘ನಾವು’ ಎಂದೂ ಗ್ರಾಹಕರನ್ನು ‘ನೀವು’ ಎಂದೂ ಕರೆದು, ಅದನ್ನು ಮೊದಲ ಪುಟದಲ್ಲೇ ಹೇಳಿಬಿಡುತ್ತೇನೆ. ‘-ಬಹುದು’ ಎಂಬ ಪ್ರತ್ಯಯದ ಮೇಲೂ ಕಣ್ಣಿಡಬೇಕು. “ಪರಿಹಾರ ಪಡೆಯಬಹುದು” ಎಂದರೆ ಅದು ಗ್ರಾಹಕರ ಹಕ್ಕಿನಂತೆ ಕೇಳಿಸುತ್ತದೆ. “ಕಂಪನಿ ಪರಿಹಾರ ನೀಡಬಹುದು” ಎಂದರೆ ಕೊಡುವುದು ಬಿಡುವುದು ಅವರಿಷ್ಟ ಎಂಬಂತೆ. ಮೂಲದಲ್ಲಿರುವುದು ಇವೆರಡರಲ್ಲಿ ಯಾವುದೆಂದು ಕೇಳಿಯೇ ಬರೆಯಬೇಕು.

‘ನಿರಂತರ’ ಎಂಬುದನ್ನೂ ಹಾಗೆಯೇ ಕೇಳಬೇಕಾಯಿತು. ಪ್ರೀಮಿಯಂ ಕಟ್ಟುವುದು ಹತ್ತು ದಿನ ತಡವಾದರೆ ನಿರಂತರತೆ ಮುರಿಯುತ್ತದೆಯೇ? ಬ್ರೋಷರಿನಲ್ಲಿ ಉತ್ತರವಿರಲಿಲ್ಲ. ಪಾಲಿಸಿಯ ಬೇರೊಂದು ಪುಟದಲ್ಲಿತ್ತು: 30 ದಿನಗಳ ರಿಯಾಯಿತಿ ಅವಧಿಯೊಳಗೆ ಕಟ್ಟಿದರೆ ಎಣಿಕೆ ಉಳಿಯುತ್ತದೆ, ದಾಟಿದರೆ ಮೊದಲಿನಿಂದ ಶುರು. ಒಂದು ವಿಶೇಷಣದೊಳಗೆ ಇಷ್ಟೊಂದು ಅಡಗಿತ್ತು.

ಕೊನೆಗೆ ನಿಂತ ರೂಪ ಇದು:

“ಪಾಲಿಸಿ ಕೊಳ್ಳುವ ಮೊದಲೇ ನಿಮಗಿದ್ದ ಕಾಯಿಲೆಯ ಚಿಕಿತ್ಸೆಗೂ ರಕ್ಷಣೆ ಇದೆ, ಆದರೆ ಮೊದಲ 36 ತಿಂಗಳು ನಾವು ಅದಕ್ಕೆ ಹಣ ಕೊಡುವುದಿಲ್ಲ. ಆ ಕಾಯಿಲೆಯಿಂದ ನೇರವಾಗಿ ಹುಟ್ಟಿದ ತೊಂದರೆಗಳಿಗೂ ಇದೇ ನಿಯಮ. ನಿಮ್ಮ ಮೊದಲ ಪಾಲಿಸಿ ಆರಂಭವಾದ ದಿನದಿಂದ ತಿಂಗಳುಗಳನ್ನು ಎಣಿಸುತ್ತೇವೆ. ನವೀಕರಣದ ಹಣವನ್ನು 30 ದಿನಗಳ ರಿಯಾಯಿತಿ ಅವಧಿಯೊಳಗೂ ಕಟ್ಟದಿದ್ದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ನಡುವೆ ವಿಮಾ ಮೊತ್ತ ಹೆಚ್ಚಿಸಿದರೆ, ಹೆಚ್ಚಿಸಿದ ಭಾಗಕ್ಕೆ ಮಾತ್ರ ಹೊಸದಾಗಿ 36 ತಿಂಗಳು ಕಾಯಬೇಕು. ಕಾಯಿಲೆಯನ್ನು ನೀವು ಅರ್ಜಿಯಲ್ಲಿ ತಿಳಿಸಿರಬೇಕು, ನಾವು ಅದನ್ನು ಒಪ್ಪಿರಬೇಕು.”

ಲಾಭ ಮೊದಲ ಮಾತಾಗಿಯೇ ಬಂದಿದೆ. ಆದರೆ ಅದರ ಅತಿ ದೊಡ್ಡ ಮಿತಿ ಅದೇ ವಾಕ್ಯದಲ್ಲಿ, ಅದೇ ಅಳತೆಯ ಅಕ್ಷರದಲ್ಲಿದೆ. ಮಿತಿಯನ್ನು ನಕ್ಷತ್ರ ಚಿಹ್ನೆ ಹಾಕಿ ಪುಟದ ತಳಕ್ಕೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಂದು ಎಚ್ಚರಿಕೆ: ನಿಯಂತ್ರಕರು ‘ಹೀಗೆಯೇ ಅಚ್ಚಾಗಬೇಕು’ ಎಂದು ವಿಧಿಸಿದ ಪಠ್ಯವಿದ್ದರೆ ಅದರ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ತಿಳಿಗನ್ನಡದ ವಿವರಣೆ ಅದರ ಪಕ್ಕದಲ್ಲಿ ಬರಬೇಕು, ಅದರ ಜಾಗದಲ್ಲಲ್ಲ. ಹಾಗೆಯೇ ‘ಪೂರ್ವ ಅಸ್ತಿತ್ವದ ಕಾಯಿಲೆ’ಯಂಥ ವ್ಯಾಖ್ಯಾನಿತ ಪದವನ್ನು ಒಮ್ಮೆಯಾದರೂ ತೋರಿಸಿ ಬಿಡಿಸಿ ಹೇಳಬೇಕು. ಇಲ್ಲವಾದರೆ ಪಾಲಿಸಿ ತೆರೆದವರಿಗೆ ಎರಡೂ ಒಂದೇ ಎಂದು ಹೊಳೆಯುವುದಿಲ್ಲ.

ಓದಲು ಸುಲಭವೇ ಎಂದು ಅಂಕ ಕೊಡುವ ಸೂತ್ರವೊಂದನ್ನು ಹಾಕಿ ನೋಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. 1948ರ ಫ್ಲೆಶ್ ಸೂತ್ರ ಇಂಗ್ಲಿಷಿಗಾಗಿ ಹುಟ್ಟಿದ್ದು. ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಉಚ್ಚಾರಾಂಶ ಎಂದು ಎಣಿಸುತ್ತದೆ. ‘ಮಾಡಿಸಿಕೊಳ್ಳುವವರೆಗೆ’ ಎಂಬ ಒಂದೇ ಪದ ಕಂಡರೆ ಅದು ಬೆಚ್ಚಿಬೀಳುತ್ತದೆ, ನಮ್ಮ ಓದುಗರು ಬೀಳುವುದಿಲ್ಲ. 2023ರಲ್ಲಿ ಬಂದ ಸರಳ ಭಾಷೆಯ ಅಂತರರಾಷ್ಟ್ರೀಯ ಮಾನದಂಡ ISO 24495-1 ಕೇಳುವುದು ಬೇರೆ: ಓದುಗರಿಗೆ ಬೇಕಾದದ್ದು ಸಿಗುತ್ತದೆಯೇ, ಅರ್ಥವಾಗುತ್ತದೆಯೇ, ಬಳಸಲು ಬರುತ್ತದೆಯೇ?

ಹಾಗಾಗಿ ವಿಮೆಯ ಹೊರಗಿನ ಆರು ಜನರಿಗೆ ಈ ಪುಟ ಕೊಟ್ಟೆ. “ಅರ್ಥವಾಯಿತೇ?” ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಅದರ ಬದಲು ಲೆಕ್ಕ ಕೊಟ್ಟೆ. ಒಬ್ಬರಿಗೆ ಮೊದಲೇ ಸಕ್ಕರೆ ಕಾಯಿಲೆ ಇದೆ, ಅರ್ಜಿಯಲ್ಲಿ ತಿಳಿಸಿದ್ದಾರೆ, ಕಂಪನಿ ಒಪ್ಪಿದೆ. ವಿಮಾ ಮೊತ್ತ 5 ಲಕ್ಷ. 24 ತಿಂಗಳಾದಾಗ ಅದನ್ನು 10 ಲಕ್ಷಕ್ಕೆ ಏರಿಸಿದರು. ಒಂದು ಕಂತನ್ನೂ ತಪ್ಪಿಸಿಲ್ಲ. 40 ತಿಂಗಳಾದಾಗ ಸಕ್ಕರೆ ಕಾಯಿಲೆಯಿಂದಲೇ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದರು. ಬಿಲ್ಲು 7 ಲಕ್ಷ. ಬೇರೆ ಕಡಿತಗಳಿಲ್ಲ ಎಂದಿಟ್ಟುಕೊಂಡರೆ ಎಷ್ಟು ಸಿಗುತ್ತದೆ?

ಉತ್ತರ 5 ಲಕ್ಷ. ಮೊದಲ 5 ಲಕ್ಷಕ್ಕೆ 36 ತಿಂಗಳು ಮುಗಿದಿದೆ, ಏರಿಸಿದ 5 ಲಕ್ಷಕ್ಕೆ ಇನ್ನೂ 16 ತಿಂಗಳಷ್ಟೇ ಆಗಿದೆ. ಆರರಲ್ಲಿ ನಾಲ್ವರು 7 ಲಕ್ಷ ಎಂದರು. ‘ಹೆಚ್ಚಿಸಿದ ಭಾಗಕ್ಕೆ ಮಾತ್ರ’ ಎಂಬುದನ್ನು ಅವರು ಓದಿದ್ದರು, ಆದರೆ ಅಂಕಿಗಳ ಮುಂದೆ ಅದು ನೆನಪಿಗೆ ಬರಲಿಲ್ಲ. ತಪ್ಪು ಅವರದಲ್ಲ. ಈ ಲೆಕ್ಕವನ್ನೇ ಚೌಕಟ್ಟಿನಲ್ಲಿ ಉದಾಹರಣೆಯಾಗಿ ಹಾಕಿದೆವು. ಬೇರೆ ಆರು ಜನರಿಗೆ ಬೇರೆ ಅಂಕಿಗಳೊಂದಿಗೆ ಕೊಟ್ಟಾಗ ಐವರು ಸರಿಯಾಗಿ ಹೇಳಿದರು.

ಆರನೆಯವರು ಎಡವಿದ್ದು ಬೇರೆಡೆ. “ಕಾಯಿಲೆ ಇದೆ ಎಂದು ಏಜೆಂಟರಿಗೆ ಹೇಳಿದ್ದರೆ ತಿಳಿಸಿದಂತೆಯೇ ಅಲ್ಲವೇ?” ಎಂದು ಕೇಳಿದರು. ‘ಅರ್ಜಿಯಲ್ಲಿ ತಿಳಿಸಿರಬೇಕು’ ಎಂಬುದನ್ನು “ಅರ್ಜಿಯಲ್ಲೇ ಬರೆದಿರಬೇಕು, ಏಜೆಂಟರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ” ಎಂದು ತಿದ್ದಿ ಕಾನೂನು ವಿಭಾಗಕ್ಕೆ ಕಳುಹಿಸಿದೆ. ಹಳೆಯ ವಾಕ್ಯವನ್ನು ಮರಳಿ ತಂದಿದ್ದ ಅದೇ ಅಧಿಕಾರಿ ಈ ಸಾಲಿನ ಕೆಳಗೆ ಗೆರೆ ಎಳೆದು, “ಇದನ್ನು ಅರ್ಜಿ ನಮೂನೆಯಲ್ಲೂ ಹಾಕಿ” ಎಂದು ಬರೆದು ಮರಳಿಸಿದರು.