ಮಂಗಳವಾರ ಬರಬೇಕಾ, ಗುರುವಾರ ಬರಬೇಕಾ?

ಬುಕಿಂಗ್ ಚಾಟ್‌ಬಾಟ್ ಕಳಿಸುವ ಮೆಸೇಜ್‌ಗಳಲ್ಲಿ ಜನರನ್ನು ಜಾಸ್ತಿ ಓಡಾಡಿಸುವುದು ದಿನ ಬದಲಾಯಿಸುವ ಮೆಸೇಜ್. ಬಳ್ಳಾರಿಯ ಒಂದು ಸ್ಕ್ಯಾನಿಂಗ್ ಸೆಂಟರ್‌ನದು ಹೀಗಿತ್ತು: "ಮಾನ್ಯರೇ, ನಿಮ್ಮ ಕೋರಿಕೆಯಂತೆ ತಮ್ಮ ಸ್ಕ್ಯಾನ್ ಸಮಯವನ್ನು 12/05ರಿಂದ 14/05ಕ್ಕೆ ಬದಲಾಯಿಸಲು ಪರಿಗಣಿಸಲಾಗಿದೆ. ಸಹಕಾರಕ್ಕೆ ಧನ್ಯವಾದಗಳು."

ಸಿರುಗುಪ್ಪದ ಕಡೆಯ ಒಬ್ಬ ಅಜ್ಜಿ 12ಕ್ಕೇ ಬಂದರು. ಹೊಟ್ಟೆಯ ಸ್ಕ್ಯಾನ್, ಹಾಗಾಗಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. "ಸರಿಯಾಗಿ ಓದಬೇಕಲ್ವಾ" ಅಂದರು ಕೌಂಟರ್‌ನವರು. ತಪ್ಪು ಅಜ್ಜಿಯದಲ್ಲ. ಕಣ್ಣಿಗೆ ಮೊದಲು ಬಿದ್ದದ್ದೇ 12. ಅದರ ಮೇಲೆ "ಪರಿಗಣಿಸಲಾಗಿದೆ" ಅಂದರೆ ದಿನ ಬದಲಾಯಿತಾ, ಇನ್ನೂ ಇಲ್ಲವಾ? ಯಾರಿಗೂ ಗೊತ್ತಾಗುವುದಿಲ್ಲ.

ನಾನು ಅದನ್ನು ಹೀಗೆ ತಿದ್ದಿಕೊಟ್ಟೆ:

"ನಿಮ್ಮ ಸ್ಕ್ಯಾನ್ ದಿನ ಬದಲಾಗಿದೆ.
ಹೊಸ ದಿನ: ಗುರುವಾರ, ಮೇ 14, ಬೆಳಿಗ್ಗೆ 8:30.
ಮಂಗಳವಾರ, ಮೇ 12ಕ್ಕೆ ಬರಬೇಡಿ."

ಮೊದಲ ಸಾಲಿನಲ್ಲಿ ಏನಾಯಿತು ಅನ್ನುವುದು. ಆಮೇಲೆ ಹೊಸ ದಿನ, ವಾರದ ಹೆಸರಿನ ಜೊತೆಗೆ. ಹಳೆಯ ದಿನ ಕೊನೆಯಲ್ಲಿ, ಅದೂ "ಬರಬೇಡಿ" ಅನ್ನುವ ಮಾತಿನ ಜೊತೆಗೇ. "ಬರಬೇಡಿ ಅಂದರೆ ಒರಟು ಅನಿಸುತ್ತೆ" ಎಂದು ಮಾಲೀಕರು ಹಿಂಜರಿಯುತ್ತಾರೆ. "ಬನ್ನಿ", "ಬರಬೇಡಿ" ಎರಡರಲ್ಲೂ ಬಹುವಚನ ಇದೆ, ಗೌರವಕ್ಕೆ ಅಷ್ಟು ಸಾಕು. ಸುಮ್ನೆ ಸೇರಿಸಿದ "ಮಾನ್ಯರೇ", "ಧನ್ಯವಾದಗಳು" ಮುಖ್ಯ ಸಾಲನ್ನು ಮುಚ್ಚಿಬಿಡುತ್ತವೆ.

ಎಸ್‌ಎಂಎಸ್‌ನಲ್ಲಾದರೆ ದುಡ್ಡೂ ಜಾಸ್ತಿ. ಇಂಗ್ಲಿಷ್ ಮೆಸೇಜ್ ಒಂದಕ್ಕೆ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ 70. ಅದನ್ನು ದಾಟಿದರೆ ಇನ್ನೊಂದು ಮೆಸೇಜ್‌ನ ದುಡ್ಡು. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. "ಸ್ಕ್ಯಾನ್" ಒಂದೇ 8 ತಿನ್ನುತ್ತದೆ. ಮೇಲಿನ ಮೂರು ಸಾಲು ಸೇರಿದರೆ 70 ದಾಟುತ್ತದೆ. ಆದರೂ "ಬರಬೇಡಿ" ಸಾಲನ್ನು ಮಾತ್ರ ಕತ್ತರಿಸಬೇಡಿ ಅನ್ನುತ್ತೇನೆ.

ಇನ್ನು, ಹೊಸ ಸಮಯಕ್ಕೆ ಸೆಂಟರ್‌ನವರು ಇನ್ನೂ ಒಪ್ಪದೇ ಇದ್ದಾಗ? ಆಗ "ಬದಲಾಗಿದೆ" ಅನ್ನಲೇಬಾರದು. "ನಿಮ್ಮ ಕೋರಿಕೆ ಬಂದಿದೆ. ದಿನ ಇನ್ನೂ ಬದಲಾಗಿಲ್ಲ. ನಾವು ತಿಳಿಸುವವರೆಗೆ ಮಂಗಳವಾರದ ಬುಕಿಂಗ್ ಹಾಗೇ ಇರುತ್ತದೆ." ಇದು ನಿಜವಾಗಬೇಕಾದರೆ ಹೊಸ ಜಾಗ ಸಿಗುವ ತನಕ ಹಳೆಯದನ್ನು ಬಿಡದಂತೆ ಸಾಫ್ಟ್‌ವೇರ್‌ನಲ್ಲೇ ವ್ಯವಸ್ಥೆ ಇರಬೇಕು. ನಿಮ್ಮದರಲ್ಲಿ ಹೇಗಿದೆ ಎಂದು ಡೆವಲಪರ್‌ನ ಕೇಳಿ ಆಮೇಲೆ ಬರೆಯಿರಿ.

ರದ್ದು ಮಾಡುವಾಗ ಗೊಂದಲ ಬಟನ್‌ನಲ್ಲಿ. "ಬುಕಿಂಗ್ ರದ್ದು ಮಾಡಬೇಕಾ?" ಎಂದು ಕೇಳಿ ಕೆಳಗೆ "ಸರಿ", "ರದ್ದು" ಎಂದು ಇಟ್ಟಿರುತ್ತಾರೆ. "ರದ್ದು" ಒತ್ತಿದರೆ ಬುಕಿಂಗ್ ಹೋಗುತ್ತಾ, ಪ್ರಶ್ನೆ ಹೋಗುತ್ತಾ? ವಾಟ್ಸಾಪ್ ಬಟನ್‌ನಲ್ಲಿ 20 ಅಕ್ಷರ ಬರೆಯಬಹುದು. "ಹೌದು, ರದ್ದು ಮಾಡಿ", "ಇಲ್ಲ, ಬರುತ್ತೇನೆ" ಎರಡೂ ಅದರಲ್ಲಿ ಹಿಡಿಯುತ್ತವೆ.

ಮೆಸೇಜ್ ಸಿದ್ಧವಾದ ಮೇಲೆ ಸೆಂಟರ್‌ಗೆ ಸಂಬಂಧವಿಲ್ಲದ ಒಬ್ಬರಿಗೆ ತೋರಿಸಿ, "ಯಾವತ್ತು ಬರ್ತೀರಿ?" ಎಂದಷ್ಟೇ ಕೇಳಿ. ಅವರು ಎರಡನೇ ಸಲ ಓದಲು ಫೋನ್ ಎತ್ತಿದರೆ ಇನ್ನೊಮ್ಮೆ ಬರೆಯಿರಿ.